ಜೂನ್ ತಿಂಗಳಿಗೆ ಸೊನ್ನೆ ಲಾಟ್

2024ರ ಮೇ 31ರಂದು ನಿಫ್ಟಿ ಮುಗಿದದ್ದು 22,530ರಲ್ಲಿ. ಜೂನ್ 28ರಂದು ಮುಗಿದದ್ದು 24,010ರಲ್ಲಿ. ನಡುವಿನ ಅಂತರ 1,480 ಅಂಶ. ಆಗಿನ 25ರ ಲಾಟ್‌ನಿಂದ ಗುಣಿಸಿದರೆ 37,000 ರೂಪಾಯಿ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಒಟ್ಟಿಗೆ ಸೇರಿ ಟ್ರೇಡಿಂಗ್ ಮಾಡುವ ಒಂದು ಸಣ್ಣ ಗುಂಪಿಗೆ ಆ ತಿಂಗಳ ಕೊನೆಯಲ್ಲಿ ಇದೊಂದೇ ಲೆಕ್ಕ ಕಾಣುತ್ತಿತ್ತು. ಅವರೆಲ್ಲ ನಂಬಿಕೊಂಡು ಬಂದ ನಿಯಮಾವಳಿ ಜೂನ್ ಪೂರ್ತಿ ಒಂದು ಲಾಟನ್ನೂ ಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಕೊಂಡು ಕಳೆದಿತ್ತು. ಏರುವ ತಿಂಗಳಲ್ಲಿ ಸುಮ್ಮನೆ ಕೂತಿತ್ತು.

‘ಸಾರ್, ಸೋಲೋವಾಗ ಆಡುತ್ತೆ, ಗೆಲ್ಲೋವಾಗ ಮಲಗುತ್ತೆ. ಇದೆಂಥಾ ಸಿಸ್ಟಂ?’ ಎಂದು ಅಶೋಕ ರಸ್ತೆಯ ಒಬ್ಬ ಅಂಗಡಿಯವರು ಕೇಳಿದರು. ಆ ನಿಯಮಗಳನ್ನು ಬರೆದುಕೊಟ್ಟವನು ಈ ಅಂಕಣಕಾರನೇ. ಗುಂಪಿನಲ್ಲಿ ಪ್ರತಿಯೊಬ್ಬರ ದುಡ್ಡು ಅವರವರ ಖಾತೆಯಲ್ಲೇ ಇರುತ್ತದೆ, ನಿಯಮ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಉತ್ತರ ಕೊಡುವ ಹೊಣೆ ಅವನದ್ದೇ ಆಗಿತ್ತು. ಅವನು ಗುಂಪಿಗೆ ಒಂದು ಉದ್ದನೆಯ ಸಂದೇಶ ಬರೆದ. ಅದರ ಸಾರ ಇಷ್ಟು: ಆ 37,000 ರೂಪಾಯಿ ಗುಂಪಿನ ಯಾರ ಕೈಗೂ ಬರುವ ಹಣವಾಗಿರಲಿಲ್ಲ.

ನಿಯಮ ಸರಳವಾದದ್ದು. ತಿಂಗಳ ಕೊನೆಯ ವಹಿವಾಟಿನ ದಿನ ನಿಫ್ಟಿ ತನ್ನ 200 ದಿನಗಳ ಸರಾಸರಿಗಿಂತ ಮೇಲಿದ್ದರೆ ಮುಂದಿನ ತಿಂಗಳ ಮೊದಲ ದಿನ ಬೆಳಿಗ್ಗೆ ಫ್ಯೂಚರ್ಸ್ ಕೊಳ್ಳಬೇಕು. ಎಷ್ಟು ಕೊಳ್ಳಬೇಕು ಎಂಬುದನ್ನು ಹೇಳುವುದು ಇಂಡಿಯಾ ವಿಕ್ಸ್. ಸ್ಟಾಪ್‌ಲಾಸ್ ಬಿದ್ದರೆ ಹೋಗುವ ಹಣ ಖಾತೆಯ ಶೇ 1ನ್ನು ದಾಟಬಾರದು. ಹತ್ತು ಲಕ್ಷದ ಖಾತೆಗೆ ಅದು 10,000 ರೂಪಾಯಿ. ದಿಕ್ಕನ್ನು ತೋರಿಸುವ ನಿಯಮ ಮೇ 31ರಂದು ‘ಕೊಳ್ಳಿ’ ಎಂದೇ ಹೇಳಿತ್ತು. ತಡೆದದ್ದು ಪ್ರಮಾಣದ ನಿಯಮ.

ಈ ಪ್ರಮಾಣದ ಲೆಕ್ಕವನ್ನು ನಿಧಾನವಾಗಿ ಮಾಡಿ ನೋಡುವುದು ಒಳ್ಳೆಯದು. ವಿಕ್ಸ್ ಎನ್ನುವುದು ಒಂದು ವರ್ಷದ ಲೆಕ್ಕದಲ್ಲಿ ಹೇಳಿದ ಶೇಕಡಾವಾರು ಏರಿಳಿತ. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನಗಳು. ಅದರ ವರ್ಗಮೂಲ 16ರ ಹತ್ತಿರ. ಆದ್ದರಿಂದ ವಿಕ್ಸನ್ನು 16ರಿಂದ ಭಾಗಿಸಿದರೆ ಒಂದು ದಿನಕ್ಕೆ ಮಾರುಕಟ್ಟೆ ನಿರೀಕ್ಷಿಸುವ ಓಲಾಟ ಸಿಗುತ್ತದೆ. ಏಪ್ರಿಲ್ ಕೊನೆಯಲ್ಲಿ ನಿಫ್ಟಿ 22,600ರ ಹತ್ತಿರ, ವಿಕ್ಸ್ 13ರ ಆಸುಪಾಸು. ದಿನದ ಓಲಾಟ 184 ಅಂಶ. ಸ್ಟಾಪ್ ಅದರ ಎರಡರಷ್ಟು ದೂರದಲ್ಲಿ ಇರಬೇಕೆಂಬುದು ನಿಯಮ, ಅಂದರೆ 367 ಅಂಶ. 25ರಿಂದ ಗುಣಿಸಿದರೆ 9,180 ರೂಪಾಯಿ. ಹತ್ತು ಸಾವಿರದ ಒಳಗಿದೆ. ಹಾಗಾಗಿ ಮೇ ತಿಂಗಳಿಗೆ ಒಂದು ಲಾಟ್. ಮೇ 9ರಂದು ನಿಫ್ಟಿ 22,000ದ ಕೆಳಗೆ ಮುಗಿಯುವ ಹೊತ್ತಿಗೆ ಸ್ಟಾಪ್ ಬಿದ್ದಾಗಿತ್ತು. ನಷ್ಟ ಮೊದಲೇ ಗೊತ್ತುಮಾಡಿಕೊಂಡಿದ್ದ ಅಳತೆಯಲ್ಲೇ ಆಯಿತು.

ಮೇ 31ಕ್ಕೆ ಬನ್ನಿ. ನಿಫ್ಟಿ ಹೆಚ್ಚುಕಡಿಮೆ ಅಲ್ಲೇ ಇದೆ, 22,530. ಆದರೆ ಚುನಾವಣಾ ಫಲಿತಾಂಶದ ಮುನ್ನ ವಿಕ್ಸ್ 24.6ಕ್ಕೆ ಏರಿದೆ. ದಿನದ ಓಲಾಟ 346 ಅಂಶ, ಸ್ಟಾಪ್ 693 ಅಂಶ ದೂರ, ಒಂದು ಲಾಟ್‌ಗೆ 17,325 ರೂಪಾಯಿ. ಹತ್ತು ಸಾವಿರವನ್ನು ಇದರಿಂದ ಭಾಗಿಸಿದರೆ ಬರುವುದು 0.58 ಲಾಟ್. ಎಕ್ಸ್‌ಚೇಂಜಿನಲ್ಲಿ ಮುಕ್ಕಾಲು ಲಾಟ್, ಅರ್ಧ ಲಾಟ್ ಎಂಬುದಿಲ್ಲ. ಉತ್ತರ ಸೊನ್ನೆ.

‘ಸ್ಟಾಪನ್ನೇ ಸ್ವಲ್ಪ ಹತ್ತಿರ ಇಟ್ಟುಕೊಂಡಿದ್ದರೆ?’ ಎಂದು ಗುಂಪಿನ ನಿವೃತ್ತ ಮೇಷ್ಟ್ರು ಕೇಳಿದ್ದರು. 10,000ದೊಳಗೆ ತರಬೇಕಾದರೆ ಸ್ಟಾಪ್ 400 ಅಂಶದಲ್ಲಿ ಇರಬೇಕು. ದಿನವೊಂದಕ್ಕೆ 346 ಅಂಶ ಓಲಾಡುವ ಮಾರುಕಟ್ಟೆಯಲ್ಲಿ ಅದು ಒಂದು ದಿನದ ಮಾಮೂಲಿ ಅಲುಗಾಟಕ್ಕೇ ಬಿದ್ದುಹೋಗುತ್ತದೆ.

ಇನ್ನು ನಿಯಮ ಮುರಿದು ಒಂದು ಲಾಟ್ ಕೊಂಡಿದ್ದರೆ ಏನಾಗುತ್ತಿತ್ತು? ಶನಿವಾರ, ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ ಬೆಳಿಗ್ಗೆ ನಿಫ್ಟಿ 23,300 ದಾಟಿಯೇ ತೆರೆಯಿತು. 22,530ಕ್ಕೆ ಕೊಳ್ಳುವ ಅವಕಾಶ ಯಾರಿಗೂ ಇರಲಿಲ್ಲ, ಅಂದರೆ 37,000ದಲ್ಲಿ ಅರ್ಧಕ್ಕೂ ಹೆಚ್ಚು ಗಂಟೆ ಬಾರಿಸುವ ಮೊದಲೇ ಹೋಗಿಯಾಗಿತ್ತು. ಮಾರನೆಯ ದಿನ, ಜೂನ್ 4, ಮತ ಎಣಿಕೆ. ಮೈಸೂರು ಯದುವೀರ ಒಡೆಯರ್ ಅವರ ಮುನ್ನಡೆಯನ್ನು ನೋಡುತ್ತಿದ್ದರೆ, ಈ ಗುಂಪಿನ ಕಣ್ಣು ಫೋನಿನ ಮೇಲೆ. ನಿಫ್ಟಿ ದಿನದ ನಡುವೆ 21,281ರವರೆಗೆ ಇಳಿದು 21,884ರಲ್ಲಿ ಮುಗಿಯಿತು, ಒಂದೇ ದಿನದಲ್ಲಿ ಶೇ 5.9ರಷ್ಟು ಕುಸಿತ. 23,300ಕ್ಕೆ ಕೊಂಡವರ ಸ್ಟಾಪ್ 22,607. ಬಿದ್ದೇ ಬೀಳುತ್ತಿತ್ತು. 17,325 ನಷ್ಟ, ಅಂಥ ವೇಗದಲ್ಲಿ ಆರ್ಡರ್ ಜಾರಿ ಹೋಗುವ ಹಣ ಬೇರೆ. ಒಂದು ವೇಳೆ ಮೇ 31ರ ಮುಕ್ತಾಯದ ಬೆಲೆಗೇ ಸಿಕ್ಕಿತ್ತು ಎಂದುಕೊಂಡರೂ ಸ್ಟಾಪ್ 21,837. ಅದೂ ದಿನದ ನಡುವೆ ಬೀಳುತ್ತಿತ್ತು. (ಇವೆಲ್ಲ ಸೂಚ್ಯಂಕದ ಅಂಕಿಗಳು, ಫ್ಯೂಚರ್ಸ್ ಬೆಲೆ ಸ್ವಲ್ಪ ಹಿಂದೆ ಮುಂದೆ ಇರುತ್ತದೆ.) ಜೂನ್ 28ರ 24,010ನ್ನು ತಲುಪುವ ದಾರಿ 21,281ರ ಮೂಲಕವೇ ಹೋಗಿತ್ತು. ತಿಂಗಳ ಎರಡು ತುದಿ ಮಾತ್ರ ನೋಡಿದವರಿಗೆ ಇದು ಕಾಣಿಸುವುದಿಲ್ಲ.

ಒಂದು ಮಾತನ್ನು ಸಂದೇಶ ಮುಚ್ಚಿಡಲಿಲ್ಲ. ಮೇ 31ರ ಬೆಲೆಗೇ ಕೊಂಡು, ದಿನದ ಮುಕ್ತಾಯದ ಬೆಲೆಯನ್ನು ಮಾತ್ರ ನೋಡುವ ಸ್ಟಾಪ್ ಇಟ್ಟುಕೊಂಡಿದ್ದರೆ 21,884 ಎಂಬುದು 21,837ಕ್ಕಿಂತ 47 ಅಂಶ ಮೇಲೆ, ಬದುಕಿಕೊಳ್ಳುತ್ತಿತ್ತು. ಆದರೆ ಮಧ್ಯಾಹ್ನ 31,000 ರೂಪಾಯಿಗೂ ಮಿಕ್ಕಿದ ನಷ್ಟವನ್ನು ನೋಡಿಕೊಂಡು ಮೂರೂವರೆಯವರೆಗೆ ಕಾಯಬೇಕಿತ್ತು. ಅಷ್ಟು ನಷ್ಟ ತಡೆದುಕೊಳ್ಳುವವರಿಗೆ ಶೇ 1ರ ಮಿತಿಯೇ ಬೇಕಿರಲಿಲ್ಲ.

ಗುಂಪಿನ ಕೆಲವರು ನಿಯಮ ಸುಮ್ಮನಿದ್ದ ಬೇಸರಕ್ಕೆ ವಾರದ ಆಪ್ಷನ್‌ಗಳಿಗೆ ಕೈಹಾಕಿದ್ದರು. ಅಂಕಣಕಾರನಿಗೆ ತಾಳ್ಮೆ ತಪ್ಪಿದ್ದು ಇಲ್ಲಿ. ಜೂನ್ 4ರ ಮಧ್ಯಾಹ್ನ, ವಿಕ್ಸ್ 26ಕ್ಕೂ ಮೇಲಿರುವಾಗ, ಇನ್ನೂ ಬೀಳುತ್ತದೆಂದು ಪುಟ್ ಕೊಂಡರು. ಮಾರನೆಯ ದಿನ ನಿಫ್ಟಿ 735 ಅಂಶ ಜಿಗಿಯಿತು, ವಿಕ್ಸ್ 20ರ ಕೆಳಕ್ಕೆ ಬಂತು, ಗುರುವಾರ ಅವಧಿ ಮುಗಿಯಿತು. ದಿಕ್ಕೂ ಕೈಕೊಟ್ಟಿತು, ಪ್ರೀಮಿಯಮ್ಮೂ ಕರಗಿತು, ಸಮಯವೂ ಉಳಿಯಲಿಲ್ಲ. ಅತಿ ದುಬಾರಿಯಾಗಿರುವ ದಿನವೇ ಸಣ್ಣ ಖಾತೆಯವರನ್ನು ‘ಬರೀ ಇಷ್ಟು ಸಾವಿರ ಸಾಕು’ ಎಂದು ಕರೆಯುವ ಸರಕು ಇದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರತಂದ ಅಧ್ಯಯನ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು ಎಂದಿತು. ದಿನವೂ ಏನಾದರೂ ಮಾಡಲೇಬೇಕೆಂಬ ಚಟ ಇರುವವರು ನಿಯಮವನ್ನು ದೂರುವ ಮೊದಲು ತಮ್ಮ ಕಾಂಟ್ರಾಕ್ಟ್ ನೋಟುಗಳನ್ನು ತಿಂಗಳಿಗೊಮ್ಮೆ ಕೂತು ಕೂಡಿಸಬೇಕು. ಎಷ್ಟು ವಹಿವಾಟು ಲೆಕ್ಕದಿಂದ ಹುಟ್ಟಿದ್ದು, ಎಷ್ಟು ಬೇಸರದಿಂದ ಹುಟ್ಟಿದ್ದು ಎಂದು ಎದುರಿಗೇ ಬರೆಯಬೇಕು.

ಜೂನ್ 28ರಂದು ವಿಕ್ಸ್ ಮತ್ತೆ 14ರ ಹತ್ತಿರ ಇಳಿದಾಗ ಎಲ್ಲರೂ ಜುಲೈಗೆ ಲಾಟ್ ಬರುತ್ತದೆಂದುಕೊಂಡರು. ನಿಫ್ಟಿಯೇ ಎತ್ತರಕ್ಕೆ ಹೋಗಿದ್ದರಿಂದ ಲೆಕ್ಕ 10,000ವನ್ನು ಕೆಲವು ನೂರು ರೂಪಾಯಿ ದಾಟಿತು. ಮತ್ತೆ ಸೊನ್ನೆ. ನವೆಂಬರ್‌ನಲ್ಲಿ ಸೆಬಿ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿ ನಿಫ್ಟಿ ಲಾಟ್ 75 ಆದಮೇಲೆ, 24,000ದ ನಿಫ್ಟಿಗೆ ವಿಕ್ಸ್ 13 ಇದ್ದರೂ ಒಂದು ಲಾಟ್‌ನ ಅಪಾಯ 29,000 ದಾಟುತ್ತಿತ್ತು. ಹತ್ತು ಲಕ್ಷದ ಖಾತೆಗೆ ಫ್ಯೂಚರ್ಸ್ ಬಾಗಿಲು ಮುಚ್ಚಿದಂತೆಯೇ.

ಹಾಗಾಗಿ ಗುಂಪಿನಲ್ಲಿ ಈಗ ನಿಫ್ಟಿ ಇಟಿಎಫ್‌ನ ಮಾತು ನಡೆಯುತ್ತಿದೆ. ಅದರಲ್ಲಿ ಲಾಟ್‌ನ ತೊಡಕಿಲ್ಲ. ಮೇ 31ರ ಅದೇ ಲೆಕ್ಕ ಹಾಕಿದರೆ ಸ್ಟಾಪ್ ಶೇ 3.08 ದೂರ, 10,000ಕ್ಕೆ ಹೊಂದುವ ಖರೀದಿ ಸುಮಾರು 3.25 ಲಕ್ಷ. ಜೂನ್ 4ರಂದು ಅದರ ಸ್ಟಾಪೂ ಬೀಳುತ್ತಿತ್ತು, ಹೋಗುವುದು 17,325ರ ಬದಲು 10,000ದ ಆಸುಪಾಸು.