ಮುಯ್ಯಿ ಪುಸ್ತಕ ಮೊದಲು ಹುಡುಕಿ

ಪ್ರಶ್ನೆ: ಮೇಡಂ, ನನಗೆ ಮದುವೆಯಾಗಿ ಎರಡು ವರ್ಷ. ತವರಿನಲ್ಲಿ ನೆಕ್ಲೇಸ್, ನಾಲ್ಕು ಬಳೆ, ಜುಮುಕಿ ಹಾಕಿದ್ದರು. ಧಾರೆಯ ದಿನ ಅತ್ತೆ ಎಲ್ಲರೆದುರು ಅವಲಕ್ಕಿ ಸರ ಹಾಕಿದರು. ಮಾರನೇ ವಾರವೇ ಎಲ್ಲವೂ ಅತ್ತೆಯ ಲಾಕರ್ ಸೇರಿತು. ಕಳೆದ ವರ್ಷ ಅಂಗಡಿಗೆ ಸರಕು ತರಲು ನನ್ನವರು ನನ್ನನ್ನು ಕೇಳದೆ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದಾರೆ. ಕೇಳಿದರೆ, "ಮನೆ ಚಿನ್ನ ಮನೆಗೇ ಆಯ್ತು" ಅಂತಾರೆ. ಪಟ್ಟಿ ಗಿಟ್ಟಿ ಏನೂ ಬರೆದಿಲ್ಲ. ಸಂಸಾರ ಕೆಡಿಸಿಕೊಳ್ಳುವ ಮನಸ್ಸಿಲ್ಲ. ಅಪ್ಪ ಮಾತ್ರ ತಾವೇ ಕೇಸು ಹಾಕುತ್ತೇನೆ ಅಂತಿದ್ದಾರೆ.
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಅದು ಮನೆಯ ಚಿನ್ನವಲ್ಲ, ನಿಮ್ಮದು. ತವರಿನವರು ಕೊಟ್ಟದ್ದಷ್ಟೇ ಅಲ್ಲ, ಅತ್ತೆ ನಿಮ್ಮ ಕೊರಳಿಗೆ ಹಾಕಿದ ಅವಲಕ್ಕಿ ಸರವೂ ನಿಮ್ಮ ಸ್ತ್ರೀಧನವೇ. ಲಾಕರ್ ಯಾರ ಹೆಸರಿನಲ್ಲಿದೆ ಎಂಬುದರಿಂದ ಒಡೆತನ ಬದಲಾಗುವುದಿಲ್ಲ. ಒಡವೆಯನ್ನು ಕಾಯಲು ತೆಗೆದುಕೊಂಡವರು ಕೇಳಿದಾಗ ಹಿಂದಿರುಗಿಸದಿದ್ದರೆ ಅದು ಅಪರಾಧಿಕ ನಂಬಿಕೆದ್ರೋಹವಾಗಬಹುದು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ, ಪ್ರತಿಭಾ ರಾಣಿ ಪ್ರಕರಣದಲ್ಲಿ, ಹೇಳಿದೆ.

ನಿಮ್ಮ ಕಥೆಯನ್ನೇ ಹೋಲುವ ಕೇರಳದ ಪ್ರಕರಣವೊಂದು 2024ರ ಏಪ್ರಿಲ್‌ನಲ್ಲಿ ಇತ್ಯರ್ಥವಾಯಿತು. ತವರಿನವರು ಕೊಟ್ಟ 89 ಪವನ್ ಚಿನ್ನವನ್ನು ಗಂಡ ಭದ್ರವಾಗಿಡುವ ನೆಪದಲ್ಲಿ ತಾಯಿಯ ಕೈಗೆ ಕೊಟ್ಟ, ಅದು ಸಾಲ ತೀರಿಸಲು ಹೋಯಿತು ಎಂಬುದು ಹೆಂಡತಿಯ ದೂರು. ಸ್ತ್ರೀಧನ ಗಂಡ ಹೆಂಡತಿಯ ಜಂಟಿ ಆಸ್ತಿಯಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಿದರೂ ಹಿಂದಿರುಗಿಸಬೇಕು ಎಂದ ಸುಪ್ರೀಂ ಕೋರ್ಟ್, 25 ಲಕ್ಷ ರೂಪಾಯಿ ಕೊಡಿಸಿತು. ನಿಮ್ಮವರ "ಮನೆಗೇ ಆಯ್ತು" ಎಂಬ ಮಾತಿಗೆ ಉತ್ತರ ಅಲ್ಲಿದೆ.

ಇನ್ನು ಪಟ್ಟಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮದಂತೆ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ನಂಟರಾಗಿದ್ದರೆ ಏನಾಗಬೇಕು ಎಂಬುದು, ಕೊನೆಗೆ ವಧು ವರ ಇಬ್ಬರ ಸಹಿ. ಇದರಲ್ಲಿ ಅರ್ಧ ಕೆಲಸವನ್ನು ನಮ್ಮ ಮದುವೆಮನೆಗಳು ಮೊದಲಿನಿಂದಲೂ ಮಾಡುತ್ತಿವೆ. ಮಂಟಪದ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಸೋದರಮಾವ ಮುಯ್ಯಿ ಬರೆಯುತ್ತಾರಲ್ಲ, ಆ ಪುಸ್ತಕ! ಮುಂದೆ ಯಾರಿಗೆ ಎಷ್ಟು ತೀರಿಸಬೇಕೆಂದು ಬರೆದದ್ದು ಅದು, ನಿಮ್ಮ ಒಡೆತನಕ್ಕೆಂದು ಅಲ್ಲ. ಹಾಗಾಗಿ ಕೊಟ್ಟದ್ದು ಹುಡುಗಿಗೋ ಹುಡುಗನಿಗೋ ಎಂದು ಅದರಲ್ಲಿ ಇರುವುದಿಲ್ಲ. ಹೆತ್ತವರು ಹಾಕಿದ ಒಡವೆಯಂತೂ ಮುಯ್ಯಿಗೇ ಬರುವುದಿಲ್ಲ. ಆ ಎರಡು ಕೊರತೆಯನ್ನು ನೀವೀಗ ತುಂಬಬೇಕು.

ಅಪ್ಪನ ಹತ್ತಿರ ಚಿನ್ನದಂಗಡಿಯ ಬಿಲ್ಲು ಕೇಳಿ. ಕಳೆದಿದ್ದರೆ ಅಂಗಡಿಯಲ್ಲಿ ನಕಲು ಕೇಳಬಹುದು. ಈಚಿನ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ. ಹಬ್ಬಕ್ಕೋ ನಂಟರ ಮದುವೆಗೋ ಒಡವೆ ಲಾಕರಿನಿಂದ ಹೊರಬಂದಾಗ ಅದನ್ನು ಬರೆದುಕೊಂಡು ಫೋಟೊ ತೆಗೆಯಿರಿ. ಬಿಲ್ಲಿಲ್ಲದ ಅವಲಕ್ಕಿ ಸರಕ್ಕೆ ಮದುವೆಯ ವಿಡಿಯೊ ಸಾಕ್ಷಿ: ಅತ್ತೆಯೇ ಸರ ಹಾಕುತ್ತಿರುವ ಭಾಗವನ್ನು ಬೇರೆಯಾಗಿ ಉಳಿಸಿಕೊಳ್ಳಿ. ಇವಿಷ್ಟನ್ನು ಸೇರಿಸಿ ಪಟ್ಟಿ ಬರೆಯಿರಿ. ಮದುವೆಯ ದಿನಾಂಕ ಹಾಕಿ ಹಳೆಯದೆಂದು ತೋರಿಸಬೇಡಿ, ಬರೆದ ದಿನದ ದಿನಾಂಕವನ್ನೇ ಹಾಕಿ. ಗಂಡ ಸಹಿ ಹಾಕದಿದ್ದರೆ ಮದುವೆಯಲ್ಲಿದ್ದ ನಂಟರ ಸಹಿ ಪಡೆಯಲು ನಿಯಮದಲ್ಲಿ ಅವಕಾಶವಿದೆ. ಹುಡುಗನ ಕಡೆಯವರೊಬ್ಬರು ಸಹಿ ಹಾಕಿದರೆ ಅದರ ತೂಕ ಹೆಚ್ಚು. ಒಂದು ಎಚ್ಚರ: ಅವರ ಕಡೆಯವರು ಕೇಳಿ ಪಡೆದ ಹಣವನ್ನು ಉಡುಗೊರೆಯೆಂದು ಈ ಪಟ್ಟಿಗೆ ಸೇರಿಸಬೇಡಿ. ಅದು ವರದಕ್ಷಿಣೆ, ಅದರ ದಾರಿ ಬೇರೆ.

ಬಳೆಗಳ ವಿಷಯದಲ್ಲಿ ಜಗಳಕ್ಕಿಂತ ಒಂದು ವಾಟ್ಸ್ಆ್ಯಪ್ ಸಂದೇಶ ಹೆಚ್ಚು ಕೆಲಸಕ್ಕೆ ಬರುತ್ತದೆ. "ರೀ, ಅಂಗಡಿಗೆಂದು ಅಡವಿಟ್ಟ ನನ್ನ ನಾಲ್ಕು ಬಳೆ ಯಾವಾಗ ಬಿಡಿಸುತ್ತೀರಿ?" ಎಂದು ಕೇಳಿ. ಅವರು "ದೀಪಾವಳಿಗೆ ಬಿಡಿಸ್ತೀನಿ" ಅಂದರೂ ಸಾಕು, ಬಳೆ ನಿಮ್ಮದೆಂದು ಒಪ್ಪಿದಂತೆ. ಅಡವಿನ ರಸೀದಿಯ ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಬಿಡಿಸಿದ ಮೇಲೆ ನಿಮ್ಮ ಹೆಸರಿನಲ್ಲಿ ಚಿಕ್ಕ ಲಾಕರ್ ಮಾಡಿಸಿ.

ಕೊಡುವುದೇ ಇಲ್ಲ ಎಂದರೆ, ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಡಿ ಮ್ಯಾಜಿಸ್ಟ್ರೇಟರು ಸ್ತ್ರೀಧನ ಹಿಂದಿರುಗಿಸಲು ಆದೇಶಿಸಬಹುದು, ಲಾಕರ್ ಬಳಸದಂತೆ ತಡೆಯಲೂಬಹುದು. ಇದಕ್ಕೆ ವಿಚ್ಛೇದನ ಕೇಳಬೇಕಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಅಪ್ಪನಿಗೆ ಮಾತ್ರ ಈಗ ಸುಮ್ಮನಿರಲು ಹೇಳಿ. ಮಗಳು ಅಧಿಕಾರ ಕೊಡದೆ ಅವಳ ಸ್ತ್ರೀಧನವನ್ನು ತಂದೆ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ಹೇಳಿದೆ. ಅವರು ಹಾಕಿಸಿದ ಒಡವೆಯೇ ಆದರೂ ಕೇಳಬೇಕಾದವರು ನೀವು. ಸದ್ಯಕ್ಕೆ ಅವರಿಂದ ಬೇಕಿರುವುದು ಆ ಬಿಲ್ಲುಗಳು.