ಪಾಠ ಮುಗಿದದ್ದು ಮತ್ತು ಪಾಠ ಕಲಿತದ್ದು: ಎರಡು ಬಗೆಯ ಪಠ್ಯಕ್ರಮಗಳ ತುಲನೆ

ಪಠ್ಯಕ್ರಮವನ್ನು ರಚಿಸುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ‘ಈ ವರ್ಷ ಯಾವ ಯಾವ ಪಾಠಗಳನ್ನು ಕಲಿಸಬೇಕು?’ ಎಂಬುದು ಮೊದಲನೆಯದು. ‘ಈ ವರ್ಷದ ಕೊನೆಗೆ ಮಗುವು ಏನನ್ನು ಸ್ವತಃ ಮಾಡಬಲ್ಲದಾಗಬೇಕು?’ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯಿಂದ ಹೊರಟರೆ ಪಾಠಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ಅದನ್ನು ವಿಷಯಪ್ರಧಾನ ಪಠ್ಯಕ್ರಮ ಎನ್ನುತ್ತಾರೆ. ಪಟ್ಟಿ ಬೆಳೆದು ಕಾಲ ಸಾಲದಾದಾಗ ಅದೇ ವಿಷಯಭಾರದ ಪಠ್ಯಕ್ರಮವಾಗುತ್ತದೆ. ಎರಡನೆಯ ಪ್ರಶ್ನೆಯಿಂದ ಹೊರಟದ್ದು ಸಾಮರ್ಥ್ಯಾಧಾರಿತ ಪಠ್ಯಕ್ರಮ. ಶಿಕ್ಷಕರ ತರಬೇತಿಯಲ್ಲಿ ‘ಪಠ್ಯಕ್ರಮ ಅಧ್ಯಯನ’ವನ್ನು ಓದುವವರು ಇವೆರಡನ್ನೂ ಹೋಲಿಸಿ ಬರೆಯಬೇಕಾಗುತ್ತದೆ. ವ್ಯಾಖ್ಯೆಗಳನ್ನಷ್ಟೇ ಹೋಲಿಸಿದರೆ ವ್ಯತ್ಯಾಸವು ತಿಳಿಯುವುದಿಲ್ಲ. ಒಂದು ತರಗತಿಯ ಒಳಗೆ ಹೋಗಿ ನೋಡಿದರೆ ತಿಳಿಯುತ್ತದೆ. ಅದಕ್ಕೆ ನಮ್ಮ ನೆರೆಯಲ್ಲಿಯೇ ಒಳ್ಳೆಯ ಉದಾಹರಣೆಯೊಂದಿದೆ.

ಗಡಿ ದಾಟಿದ ಒಂದು ಪದ್ಧತಿ

ನಮ್ಮ ರೊಳ್ಳ ಆಂಧ್ರದಲ್ಲಿದ್ದರೂ ಮನೆಯ ಮಾತು ಕನ್ನಡ. 2022ರವರೆಗೆ ಅನಂತಪುರ ಜಿಲ್ಲೆಗೆ ಸೇರಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಪಠ್ಯಕ್ರಮಗಳು ಇಂತಹ ಗಡಿಯನ್ನು ಹೇಗೆ ದಾಟುತ್ತವೆ ಎಂಬುದು ನಮಗೆ ಸಹಜವಾಗಿಯೇ ಆಸಕ್ತಿಯ ವಿಷಯ. ಮದನಪಲ್ಲಿಯ ಬಳಿಯ ಋಷಿ ಕಣಿವೆಯ ಗ್ರಾಮೀಣ ಶಿಕ್ಷಣ ಕೇಂದ್ರದವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ, ಪಠ್ಯಪುಸ್ತಕದ ಬದಲು ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯೊಂದನ್ನು ತೆಲುಗಿನಲ್ಲಿ ರೂಪಿಸಿದ್ದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, 1995ರಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ಅದು ವಿಸ್ತರಿಸಿತು; ಅನಂತರ ಮೂರನೆಯ ತರಗತಿಗೂ ಬಂದಿತು. ಅಷ್ಟರಲ್ಲಿ ದೇಶದಲ್ಲಿಯೂ ಇದೇ ದಿಕ್ಕಿನ ಚಿಂತನೆ ನಡೆದಿತ್ತು. ಆರ್. ಎಚ್. ದವೆಯವರ ಸಮಿತಿಯು ಪ್ರಾಥಮಿಕ ಶಾಲೆಯ ಪ್ರತಿಯೊಂದು ತರಗತಿಗೂ ‘ಕನಿಷ್ಠ ಕಲಿಕಾ ಮಟ್ಟ’ಗಳನ್ನು ಪಟ್ಟಿ ಮಾಡಿ 1991ರಲ್ಲಿ ಪ್ರಕಟಿಸಿತ್ತು.

ಅಕ್ಷರ ಕಲಿಸುವ ಎರಡು ಕ್ರಮಗಳು

ಮೊದಲು ಅಕ್ಷರಾಭ್ಯಾಸವನ್ನೇ ತೆಗೆದುಕೊಳ್ಳೋಣ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಹಳೆಯ ಕ್ರಮದಲ್ಲಿ ಮೊದಲು 13 ಸ್ವರಗಳು, ಆಮೇಲೆ ಅನುಸ್ವಾರ ವಿಸರ್ಗಗಳು, ಆಮೇಲೆ ವ್ಯಂಜನಗಳು, ಆಮೇಲೆ ಕಾಗುಣಿತ, ಕೊನೆಗೆ ಒತ್ತಕ್ಷರ. ವಿಷಯದ ದೃಷ್ಟಿಯಿಂದ ಇದು ಬಹಳ ಅಚ್ಚುಕಟ್ಟಾದ ಜೋಡಣೆ. ವ್ಯಾಕರಣವೇ ಹಾಕಿಕೊಟ್ಟ ಕ್ರಮ. ಆದರೆ ಅ, ಆ, ಇ, ಈ, ಉ ಎಂಬ ಐದು ಅಕ್ಷರಗಳನ್ನು ಕಲಿತ ಮಗುವು ಅವುಗಳಿಂದ ಯಾವ ಪದವನ್ನು ಓದಬಲ್ಲದು? ‘ಆ’, ‘ಈ’ ಎಂಬ ಎರಡನ್ನು ಬಿಟ್ಟರೆ ಏನೂ ಇಲ್ಲ. ‘ಅ’ ಎಂದರೆ ಅಗಸ ಎಂದು ಅದು ಕೂಗುತ್ತದೆ. ಆದರೆ ‘ಗ’ವನ್ನೂ ‘ಸ’ವನ್ನೂ ಇನ್ನೂ ಕಲಿತಿರುವುದಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಮಗುವು ಅಕ್ಷರಗಳನ್ನು ಒಪ್ಪಿಸುತ್ತದೆಯೇ ಹೊರತು ಓದುವುದಿಲ್ಲ.

ನಲಿ-ಕಲಿಯಲ್ಲಿ ಮೊದಲ ಗುಂಪಿನ ಅಕ್ಷರಗಳು ರ, ಗ, ಸ, ದ, ಅ. ಇವು ಬರೆಯಲು ಸುಲಭ, ಪದ ಕಟ್ಟಲು ಕೂಡಲೇ ಒದಗುತ್ತವೆ. ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಆಗುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ. ಅದೂ ಸೇರಿದರೆ ಮರ, ವನ, ಜನ, ನಗರ, ಬಸವ, ಅವಸರ ಎಂದು ಪದಗಳ ರಾಶಿಯೇ ಬೆಳೆಯುತ್ತದೆ. ಇಲ್ಲಿ ಗುರಿ ‘ಐದು ಅಕ್ಷರಗಳ ಪಾಠ ಮುಗಿಸುವುದು’ ಅಲ್ಲ; ‘ಕಲಿತ ಅಕ್ಷರಗಳಿಂದಾದ ಹೊಸ ಪದವನ್ನು ತಾನೇ ಓದುವುದು’. ಕಲಿಸುವ ಅಕ್ಷರಗಳು ಎರಡು ಪದ್ಧತಿಗಳಲ್ಲಿಯೂ ಅವೇ. ಗುರಿ ಬದಲಾದುದರಿಂದ ಕ್ರಮವು ಬದಲಾಯಿತು ಎಂಬುದನ್ನು ಗಮನಿಸಬೇಕು.

ಇನ್ನೊಂದು ವ್ಯತ್ಯಾಸ ಕಾಲಕ್ಕೆ ಸಂಬಂಧಿಸಿದ್ದು. ಕಡಲೆಕಾಯಿ ಕೀಳುವ ಕಾಲದಲ್ಲಿ ನಮ್ಮ ಕಡೆಯ ಮಗುವೊಂದು ಎರಡು ವಾರ ಶಾಲೆಗೆ ಬಾರದಿದ್ದರೆ ಏನಾಗುತ್ತದೆ? ಪಾಠಗಳ ಪಟ್ಟಿಯನ್ನು ಹಿಡಿದ ತರಗತಿಯಲ್ಲಿ ಎರಡು ಪಾಠಗಳು ಮುಂದೆ ಹೋಗಿರುತ್ತವೆ. ಮಗುವು ಬಂದು ಮೂರನೆಯ ಪಾಠದಲ್ಲಿ ಕುಳಿತುಕೊಳ್ಳುತ್ತದೆ. ನಲಿ-ಕಲಿಯಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಒಂದೊಂದು ಮೈಲಿಗಲ್ಲಿನಲ್ಲಿಯೂ ಸಿದ್ಧತೆ, ಕಲಿಕೆ, ಅಭ್ಯಾಸ, ಮೌಲ್ಯಮಾಪನ ಎಂಬ ಮೆಟ್ಟಿಲುಗಳಿರುತ್ತವೆ. ಮಗುವು ತಾನು ಬಿಟ್ಟ ಮೆಟ್ಟಿಲಿನ ಗುರುತನ್ನು ನೋಡಿ, ಅದೇ ಚಿತ್ರದ ಕಾರ್ಡನ್ನು ತೆಗೆದುಕೊಂಡು ಅಲ್ಲಿಂದಲೇ ಮುಂದುವರಿಯುತ್ತದೆ. ತರಗತಿ ಅದನ್ನು ಬಿಟ್ಟು ಹೋಗಿರುವುದಿಲ್ಲ.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ

ಮೌಲ್ಯಮಾಪನದಲ್ಲಿ ಈ ಎರಡು ಪದ್ಧತಿಗಳ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಮೂರು ಕಳೆಯುವ ಲೆಕ್ಕಗಳನ್ನು ಹೀಗೆ ಮಾಡಿದ್ದಾಳೆ ಎಂದುಕೊಳ್ಳೋಣ: 47 − 23 = 24; 52 − 27 = 35; 60 − 24 = 44.

ಪಾಠ ಮುಗಿಸುವ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಒಂದು ಸರಿ, ಎರಡು ತಪ್ಪು. ಅದಕ್ಕೆ ತಕ್ಕ ಅಂಕ ಬೀಳುತ್ತದೆ. ಬೇರೆ ಪಾಠಗಳ ಅಂಕಗಳೊಡನೆ ಕೂಡಿ ಅವಳು ತೇರ್ಗಡೆಯಾಗಲೂಬಹುದು. ಆದರೆ ಅಂಕಪಟ್ಟಿಯನ್ನು ನೋಡಿದ ಮುಂದಿನ ವರ್ಷದ ಉಪಾಧ್ಯಾಯರಿಗೆ ಅವಳಿಗೆ ಏನು ಬಾರದು ಎಂಬುದು ತಿಳಿಯುವುದಿಲ್ಲ.

ಸಾಮರ್ಥ್ಯದ ದೃಷ್ಟಿಯಿಂದ ನೋಡಿದರೆ ತಪ್ಪುಗಳೇ ಮಾತನಾಡುತ್ತವೆ. 52ರಲ್ಲಿ ಬಿಡಿ ಸ್ಥಾನದ 2ರಿಂದ 7 ಹೋಗದು. ಆದ್ದರಿಂದ ಅವಳು ತಿರುಗಿಸಿ 7ರಿಂದ 2 ಕಳೆದು 5 ಬರೆದಳು. 60ರಲ್ಲಿಯೂ 4ರಿಂದ 0 ಕಳೆದು 4 ಬರೆದಳು. ಮೊದಲ ಲೆಕ್ಕದಲ್ಲಿ ತಿರುಗಿಸುವ ಅಗತ್ಯ ಬೀಳಲಿಲ್ಲ, ಸರಿಯಾಯಿತು. ಅಂದರೆ ಅವಳಿಗೆ ಕಳೆಯುವುದು ಬರುತ್ತದೆ. ಒಂದು ಹತ್ತನ್ನು ಬಿಚ್ಚಿ ಹತ್ತು ಬಿಡಿಗಳನ್ನಾಗಿ ಮಾಡಬಹುದೆಂಬುದು ತಿಳಿದಿಲ್ಲ. ಇದಕ್ಕೆ ಇಡೀ ಪಾಠವನ್ನು ಮತ್ತೆ ಹೇಳಬೇಕಾಗಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 27 ಕಡ್ಡಿಗಳನ್ನು ತೆಗೆಯಲು ಹೇಳಿದರೆ, ಒಂದು ಕಟ್ಟನ್ನು ಬಿಚ್ಚದೆ ಅವಳಿಗೆ ಗತ್ಯಂತರವಿಲ್ಲ. ಬಿಚ್ಚಿದ ಮೇಲೆ ಬಿಡಿ 12. ಅದರಲ್ಲಿ 7 ಹೋದರೆ 5. ಉಳಿದ ನಾಲ್ಕು ಕಟ್ಟುಗಳಲ್ಲಿ 2 ಹೋದರೆ 2. ಉತ್ತರ 25. ಅದಕ್ಕೆ 27 ಕೂಡಿಸಿದರೆ 52 ಬರುತ್ತದೆಯೇ ಎಂದು ಅವಳೇ ತಾಳೆ ನೋಡಬಹುದು. ಇನ್ನೊಬ್ಬ ಹುಡುಗನು ಅದೇ ಲೆಕ್ಕಕ್ಕೆ 24 ಎಂದು ಬರೆದಿದ್ದರೆ, ಅವನಿಗೆ ಬಿಚ್ಚುವುದು ತಿಳಿದಿದೆ, ಎಣಿಸುವಾಗ ತಪ್ಪಿದ್ದಾನೆ ಎನ್ನಬಹುದು. ಇಬ್ಬರಿಗೂ ಸಿಗುವ ಅಂಕ ಒಂದೇ. ಬೇಕಾದ ಚಿಕಿತ್ಸೆ ಬೇರೆ ಬೇರೆ.

ಸಾಮರ್ಥ್ಯಾಧಾರಿತ ಪದ್ಧತಿ ಎಲ್ಲಿ ಎಡವುತ್ತದೆ

ಇಷ್ಟರಿಂದಲೇ ಒಂದು ಪಕ್ಷಕ್ಕೆ ತೀರ್ಪು ಕೊಡುವುದು ಸರಿಯಲ್ಲ. ಮೊದಲನೆಯ ತೊಡಕು ಗುರುತು ಹಾಕುವ ಪಟ್ಟಿಯದು. ಸಾಮರ್ಥ್ಯಗಳನ್ನು ಪಟ್ಟಿ ಮಾಡಿದೊಡನೆ ಅವುಗಳ ಎದುರಿಗೆ ಗುರುತು ಹಾಕುವುದೇ ಕೆಲಸವಾಗಿಬಿಡಬಹುದು. ಗರಗಸದ ಚಿತ್ರವಿರುವ ಕಾರ್ಡನ್ನು ನೋಡಿ ಮಗುವು ‘ಗರಗಸ’ ಎಂದಿತು, ಗುರುತು ಬಿತ್ತು. ಆದರೆ ಅದು ಓದಿದ್ದು ಅಕ್ಷರವನ್ನೋ ಚಿತ್ರವನ್ನೋ? ಚಿತ್ರವನ್ನು ಕೈಯಿಂದ ಮುಚ್ಚಿ, ‘ಸರ’, ‘ರಸ’ ಎಂಬೆರಡನ್ನು ಒಟ್ಟಿಗೆ ಬರೆದು ಓದಿಸಿದರೆ ನಿಜ ತಿಳಿಯುತ್ತದೆ. ಮೂರು ವಾರಗಳ ಅನಂತರ ಬೇರೆ ಪದದಲ್ಲಿ ಮತ್ತೆ ಓದಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೀಗೆ ಪರೀಕ್ಷಿಸದೆ ಹಾಕಿದ ಗುರುತು, ಬಾಯಿಪಾಠದಿಂದ ಬಂದ ಅಂಕಕ್ಕಿಂತ ಮೇಲೇನೂ ಅಲ್ಲ.

ಎರಡನೆಯದು ಉಪಾಧ್ಯಾಯರ ಕಾಲ. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು, ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನಲ್ಲಿರುತ್ತಾರೆ. ಕೆಲವು ಗುಂಪುಗಳು ತಾವೇ ಕಲಿಯುತ್ತವೆ, ಕೆಲವು ಜೊತೆಗಾರರ ನೆರವಿನಿಂದ ಕಲಿಯುತ್ತವೆ. ಹೊಸ ಪಾಠ ಆರಂಭಿಸುವ ಗುಂಪಿಗೆ ಮಾತ್ರ ಉಪಾಧ್ಯಾಯರೇ ಪೂರ್ತಿ ಬೇಕು. ಮಕ್ಕಳ ಸಂಖ್ಯೆ ಹೆಚ್ಚಿದರೆ ಆ ಗುಂಪೇ ದೊಡ್ಡದಾಗಿ, ಉಳಿದವರು ಹಳೆಯ ಕಾರ್ಡನ್ನೇ ಹಿಡಿದು ಕಾಯುತ್ತಾರೆ. ಕಾರ್ಡು ಹರಿದುಹೋದರೆ ಏಣಿಯ ಮೆಟ್ಟಿಲೇ ಮುರಿದಂತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ವಿಷಯವಿಲ್ಲದೆ ಸಾಮರ್ಥ್ಯವಿಲ್ಲ. ಇದು ಪ್ರೌಢಶಾಲೆಗೆ ಬಂದಾಗ ಕಾಣುತ್ತದೆ. ‘ಅನಂತಪುರ ಸೀಮೆಯಲ್ಲಿ ಮಳೆ ಕಡಿಮೆ ಏಕೆ?’ ಎಂದು ಕೇಳಿದರೆ ‘ಮಳೆ ನೆರಳಿನ ಪ್ರದೇಶವಾದುದರಿಂದ’ ಎಂದು ಬಾಯಿಪಾಠ ಬರೆಯುವವರು ಬಹಳ. ಸಾಮರ್ಥ್ಯವನ್ನು ಅಳೆಯಬೇಕೆಂದರೆ, ಮಂಗಳೂರಿನ ಮತ್ತು ಮಡಕಶಿರದ ತಿಂಗಳವಾರು ಮಳೆಯ ಎರಡು ಪಟ್ಟಿಗಳನ್ನು ಕೊಟ್ಟು, ವ್ಯತ್ಯಾಸಕ್ಕೆ ಕಾರಣ ಬರೆಯಿರಿ, ಕಡಲೆಕಾಯಿ ಬಿತ್ತನೆಗೆ ಯಾವ ತಿಂಗಳು ಸೂಕ್ತ ಹೇಳಿ ಎನ್ನಬೇಕು. ಬಾಯಿಪಾಠದವನು ಇಲ್ಲಿ ನಿಂತುಬಿಡುತ್ತಾನೆ. ಆದರೆ ನೈಋತ್ಯ ಮಾರುತ ಯಾವ ಕಡೆಯಿಂದ ಬೀಸುತ್ತದೆ, ಪಶ್ಚಿಮ ಘಟ್ಟಗಳು ಎಲ್ಲಿವೆ, ಗಾಳಿ ಮೇಲೇರಿದರೆ ತಂಪಾಗಿ ಮಳೆ ಸುರಿಸುವುದೇಕೆ ಎಂಬುದನ್ನು ಕಲಿಯದೆ, ‘ಪಟ್ಟಿಯನ್ನು ಅರ್ಥೈಸುವ ಸಾಮರ್ಥ್ಯ’ ಒಂದನ್ನೇ ಅಭ್ಯಾಸ ಮಾಡಿದವನೂ ಅಲ್ಲಿಯೇ ನಿಲ್ಲುತ್ತಾನೆ. ಅವನು ಅಂಕಿಗಳನ್ನು ಓದಬಲ್ಲ, ಕಾರಣವನ್ನು ಹೇಳಲಾರ.

ಹಾಗಾದರೆ ಯಾವುದು ಸರಿ?

ಪ್ರೊಫೆಸರ್ ಯಶಪಾಲ್ ಅವರ ಸಮಿತಿಯು 1993ರಲ್ಲಿ ಮಕ್ಕಳ ಹೊರೆಯ ಬಗ್ಗೆ ವರದಿ ಕೊಟ್ಟಿತು. ಚೀಲದ ತೂಕಕ್ಕಿಂತ ಅರ್ಥವಾಗದಿರುವಿಕೆಯ ಹೊರೆಯೇ ಹೆಚ್ಚು ಕೆಟ್ಟದ್ದು ಎಂಬುದು ಅದರ ಮುಖ್ಯ ನಿರ್ಣಯ. ಮೇಲಿನ ಉದಾಹರಣೆಗಳೂ ಅದನ್ನೇ ತೋರಿಸುತ್ತವೆ. ಪಠ್ಯಕ್ರಮದಲ್ಲಿ ವಿಷಯವಿರುವುದು ದೋಷವಲ್ಲ. ಹಿಂದಿನ ಮೆಟ್ಟಿಲು ಗಟ್ಟಿಯಾಗುವ ಮುನ್ನ ಮುಂದಿನ ವಿಷಯ ಬಂದು ಬೀಳುವುದು ದೋಷ. ಓದು, ಬರಹ, ಲೆಕ್ಕಗಳು ಒಂದರ ಮೇಲೊಂದು ನಿಲ್ಲುವಂಥವು. ಆದುದರಿಂದ ಪ್ರಾಥಮಿಕ ತರಗತಿಗಳಲ್ಲಿ ಸಾಮರ್ಥ್ಯವೇ ಕ್ರಮವನ್ನು ನಿರ್ಧರಿಸಬೇಕು. ಪ್ರೌಢಶಾಲೆಯಲ್ಲಿ ವಿಷಯವು ಇರಲೇಬೇಕು; ಆದರೆ ಪಾಠಗಳ ಸಂಖ್ಯೆ ಕಡಿಮೆಯಾಗಿ, ಒಂದೊಂದು ಪಾಠದ ಕೊನೆಗೂ ಪುಸ್ತಕದಲ್ಲಿಲ್ಲದ ಹೊಸ ಪ್ರಶ್ನೆಯೊಂದಕ್ಕೆ ಆ ತಿಳಿವನ್ನು ಬಳಸುವಷ್ಟು ಬಿಡುವಿರಬೇಕು.

ಒಂದು ಪಠ್ಯಕ್ರಮವು ಯಾವ ಬಗೆಯದು ಎಂದು ತಿಳಿಯಲು ಅದರ ಮುನ್ನುಡಿಯನ್ನು ಓದಿದರೆ ಸಾಲದು. ವರ್ಷದ ಕೊನೆಯ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಬೇಕು. 52ರಿಂದ 27ನ್ನು ಕಳೆದು 35 ಎಂದು ಬರೆದ ಆ ಹುಡುಗಿಯ ತಪ್ಪು ಎಲ್ಲಿದೆಯೆಂದು ಆ ಪತ್ರಿಕೆಯಿಂದ ಗೊತ್ತಾಗುವಂತಿದ್ದರೆ ಅದು ಸಾಮರ್ಥ್ಯವನ್ನು ಅಳೆಯುತ್ತಿದೆ. ಮೂರರಲ್ಲಿ ಒಂದು ಸರಿ ಎಂದಷ್ಟೇ ಗೊತ್ತಾದರೆ, ಅದು ಪಾಠ ಮುಗಿದುದನ್ನು ಮಾತ್ರ ಹೇಳುತ್ತಿದೆ.