ಮುಂಜಾನೆಯ ರಜಾ ಇ-ಮೇಲ್

ಗೆಳೆಯರೇ, ಘಟಪ್ರಭಾ ಹೊಳಿ ತುಂಬಿದಾಗ ರಜಾ ಚೀಟಿ ಒಯ್ಯೋರು ಸಿಗದಿದ್ದರೆ ಮನೆಯವರ ಫೋನಿನಿಂದ ಇ-ಮೇಲ್ ಕಳಿಸಬಹುದು. ಹಾಜರಿ ಕರೆಯುವ ಮೊದಲೇ ಅದು ಗುರುಗಳಿಗೆ ಮುಟ್ಟಬೇಕು. ಮಾದರಿ ಹೀಗಿದೆ:

ವಿಷಯ: ಇಂದು ರಜೆ – (ಹೆಸರು), 7ನೇ ತರಗತಿ

ಪೂಜ್ಯ ಗುರುಗಳಿಗೆ ನಮಸ್ಕಾರಗಳು. ನನಗೆ ನಿನ್ನೆ ರಾತ್ರಿಯಿಂದ ಜ್ವರ ಬಂದಿದೆ. ಇಂದು ಒಂದು ದಿನ ರಜೆ ಕೊಡಬೇಕೆಂದು ವಿನಂತಿ. ದವಾಖಾನೆಗೆ ಹೋಗಿ ಬಂದು ಡಾಕ್ಟರ ಚೀಟಿಯ ಫೋಟೋ ಸಂಜೆ ಕಳಿಸುವೆನು.
ತಮ್ಮ ವಿದ್ಯಾರ್ಥಿ, (ಹೆಸರು)

ದವಾಖಾನೆ ತೆರೆಯುವ ಮೊದಲೇ ಬರೆಯುವಾಗ ಚೀಟಿ ಕೈಯಾಗ ಇರೋದಿಲ್ಲ. ಆಗ “ಚೀಟಿ ಲಗತ್ತಿಸಿದೆ” ಅಂತ ಬರೆದರೆ ಅದು ಸುಳ್ಳಾಗತೈತಿ. ಸಂಜೆ ಅದೇ ಇ-ಮೇಲಿಗೆ ಉತ್ತರವಾಗಿ ಫೋಟೋ ಸೇರಿಸಿ “ಚೀಟಿ ಲಗತ್ತಿಸಿದೆ” ಅಂತ ಬರೀಬೇಕು. ಫೋಟೋದಾಗ ರೋಗಿಯ ಹೆಸರು, ತಾರೀಖು, ಡಾಕ್ಟರ ಸಹಿ ಮೂರೂ ಓದಲು ಬರಬೇಕು. ಕಳಿಸುವ ಮುಂಚೆ ಫೋಟೋದ ಹೆಸರು ಪತ್ರದ ಜೋಡಿ ಕಾಣತೈತೋ ಇಲ್ಲೋ ನೋಡಿರಿ.